ಸೊನ್ನೆಯೂ ಅನುಸ್ವಾರವೂ

ಕಳೆದ ವರ್ಷ ನನ್ನ ತರಗತಿಯಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನಿದ್ದನು. ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಆತನು ಪಾಠಗಳನ್ನು ಕೇಳಿ ಕಲಿಯುತ್ತಿದ್ದನು. ಭೌತವಿಜ್ಞಾನದ ನನ್ನ ಕನ್ನಡ ಟಿಪ್ಪಣಿಗಳನ್ನು, ಸುಮಾರು 300 ಪುಟಗಳ ಬರೆಹವನ್ನು, ಅವನಿಗೆ ಕೊಟ್ಟಿದ್ದೆನು. ವಾರ ಕಳೆದ ಮೇಲೆ ಆತನು ಬಂದು, "ಸಾರ್, ನಿಮ್ಮ ಟಿಪ್ಪಣಿಯಲ್ಲಿ ಮಾತುಮಾತಿಗೂ ಸೊನ್ನೆ ಬರುತ್ತದಲ್ಲ, ಅದೇಕೆ?" ಎಂದು ಕೇಳಿದನು. ನನಗೆ ಅರ್ಥವಾಗಲಿಲ್ಲ. ಅವನ ಯಂತ್ರಕ್ಕೆ ಕಿವಿಗೊಟ್ಟೆನು. 'ಸಂಬಂಧ' ಎಂಬ ಪದ ಬಂದಾಗಲೆಲ್ಲ ಅದು ಅಕ್ಷರಗಳನ್ನು ತುಂಡರಿಸಿ ನಡುವೆ ಸೊನ್ನೆಯನ್ನು ಉಚ್ಚರಿಸುತ್ತಿತ್ತು. ಪುಟವನ್ನು ಕಣ್ಣಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಇದ್ದಿತು!

ಕಾರಣವು ಬಹಳ ಸರಳವಾದುದು. ಕನ್ನಡದ ಅಂಕಿ ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ. ಎರಡೂ ಒಂದು ಪುಟ್ಟ ಉಂಗುರ. ಆದರೆ ಗಣಕಯಂತ್ರವು ಆಕಾರವನ್ನು ನೋಡುವುದಿಲ್ಲ; ಅದು ಪ್ರತಿಯೊಂದು ಅಕ್ಷರವನ್ನೂ ಒಂದು ಸಂಖ್ಯೆಯಾಗಿ ನೆನಪಿನಲ್ಲಿಡುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಯಿತು. ಅದರಲ್ಲಿ ಅನುಸ್ವಾರದ ಸಂಖ್ಯೆ 3202; ಅಂಕಿ ಸೊನ್ನೆಯದು 3302. ಈ ಪಟ್ಟಿಯಲ್ಲಿ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಬರೆಯುವುದು ವಾಡಿಕೆಯಾದುದರಿಂದ ಇವೆರಡು ಕ್ರಮವಾಗಿ 0C82 ಮತ್ತು 0CE6 ಎಂದು ಕಾಣುತ್ತವೆ. ನನ್ನ ಟಿಪ್ಪಣಿಯ ಬಹುಭಾಗವನ್ನು ಅಚ್ಚುಮಾಡಿದವರು ಅನುಸ್ವಾರ ಬೇಕಾದಲ್ಲೆಲ್ಲ ಅಂಕಿಗಳ ಸಾಲಿನಲ್ಲಿದ್ದ ಸೊನ್ನೆಯನ್ನೇ ಒತ್ತಿದ್ದರು. ಕಣ್ಣಿಗೆ ಕಾಣದ ಈ ತಪ್ಪು ಕಿವಿಗೆ ಕೇಳಿಸಿತು. ಇಷ್ಟೇ ಅಲ್ಲ, ಇಂಥ ಬರೆಹದಲ್ಲಿ 'ಸಂಬಂಧ' ಎಂದು ಸರಿಯಾಗಿ ಬರೆದು ಹುಡುಕಿದರೆ ಪದವು ಸಿಕ್ಕುವುದಿಲ್ಲ, ಅಕಾರಾದಿಯಾಗಿ ಪದಸೂಚಿಯನ್ನು ಜೋಡಿಸಿದರೆ ಪದಗಳು ತಮ್ಮ ಸ್ಥಾನ ತಪ್ಪುತ್ತವೆ.

ತಪ್ಪು ಒಂದೇ ಬಗೆಯದು, ಆದರೆ ಸಾವಿರಾರು ಕಡೆ ಇದೆ. ಒಂದೊಂದನ್ನೇ ಕೈಯಿಂದ ತಿದ್ದುವುದು ಅಸಾಧ್ಯ. ಬರೆಹದ ಪ್ರತಿಯೊಂದು ತಂತ್ರಾಂಶದಲ್ಲಿಯೂ 'ಹುಡುಕಿ ಬದಲಿಸುವ' ಸೌಕರ್ಯವುಂಟು. ನಾನು ಬಳಸುವ ಲಿಬ್ರೆಆಫೀಸ್ ರೈಟರ್‌ನಲ್ಲಿ Ctrl ಮತ್ತು H ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ಕಿಟಕಿ ತೆರೆಯುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಸೊನ್ನೆಯನ್ನೂ ಬದಲಿಯ ಪೆಟ್ಟಿಗೆಯಲ್ಲಿ ಅನುಸ್ವಾರವನ್ನೂ ಇಟ್ಟು Replace All ಎಂಬ ಗುಂಡಿಯನ್ನು ಒತ್ತಿದೆನು. ಕ್ಷಣಮಾತ್ರದಲ್ಲಿ 9,184 ಕಡೆ ಬದಲಾವಣೆಯಾಯಿತೆಂಬ ವರದಿ ಬಂದಿತು. ಸಂತೋಷದಿಂದ ಕಡತವನ್ನು ಉಳಿಸಿ ಮುಚ್ಚಿದೆನು.

ಮರುದಿನ ಪುಟ ತಿರುವುತ್ತಿದ್ದಾಗ ಒಂದು ಕಡೆ ವಿಚಿತ್ರವಾದ ಗುರುತೊಂದು ಕಂಡಿತು. '೦.೫ ಮೀಟರ್' ಎಂದಿರಬೇಕಾದಲ್ಲಿ ಚುಕ್ಕಿಗಳಿಂದಾದ ಒಂದು ವೃತ್ತ, ಅದರ ಪಕ್ಕದಲ್ಲಿ ಅನುಸ್ವಾರ. ಅನುಸ್ವಾರವು ತಾನಾಗಿ ನಿಲ್ಲಲಾರದು. ಅದಕ್ಕೆ ಮುಂಚೆ ಒಂದು ಅಕ್ಷರವಿರಬೇಕು. ಅಕ್ಷರವಿಲ್ಲದೆ ಒಂಟಿಯಾಗಿ ನಿಂತರೆ ಗಣಕಯಂತ್ರವು 'ಇಲ್ಲೊಂದು ಅಕ್ಷರ ಇರಬೇಕಾಗಿತ್ತು' ಎಂದು ತೋರಿಸುವುದಕ್ಕಾಗಿ ಈ ಚುಕ್ಕಿವೃತ್ತವನ್ನು ಬರೆಯುತ್ತದೆ. ಆಗ ನನಗೆ ಗಾಬರಿಯಾಯಿತು. ಟಿಪ್ಪಣಿಯಲ್ಲಿ ನಿಜವಾದ ಸೊನ್ನೆಗಳೂ ಇದ್ದವಲ್ಲ! ರಾಮನ್ ಅವರಿಗೆ ನೊಬೆಲ್ ಪಾರಿತೋಷಕ ದೊರೆತ ೧೯೩೦ನೆಯ ಇಸವಿ, ನೀರು ಕುದಿಯುವ ೧೦೦ ಡಿಗ್ರಿ, ಬೆಳಕು ಸೆಕೆಂಡಿಗೆ ಸುಮಾರಾಗಿ ಕ್ರಮಿಸುವ ೩೦೦೦೦೦ ಕಿಲೋಮೀಟರ್, ಇವೆಲ್ಲದರ ಸೊನ್ನೆಗಳೂ ಅನುಸ್ವಾರಗಳಾಗಿದ್ದವು. ಇಸವಿಗಳಲ್ಲಿ ಈ ಹಾನಿ ನನ್ನ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ಅಂಕಿಯ ಪಕ್ಕದಲ್ಲಿ ನಿಂತ ಅನುಸ್ವಾರವು ಸೊನ್ನೆಯಂತೆಯೇ ತೋರುತ್ತಿತ್ತು. ಒಂದು ತಪ್ಪನ್ನು ತಿದ್ದಲು ಹೋಗಿ, ಅದೇ ಜಾತಿಯ ಇನ್ನೊಂದು ತಪ್ಪನ್ನು ಸೃಷ್ಟಿಸಿದ್ದೆನು.

ಬಂದ ದಾರಿಯಲ್ಲಿಯೇ ಹಿಂದಿರುಗಬಹುದಲ್ಲವೆ ಎಂದು ವಾಚಕರು ಕೇಳಬಹುದು. ಸಾಧ್ಯವಿಲ್ಲ. ಬದಲಾವಣೆಗೆ ಮುಂಚೆ ಬರೆಹದಲ್ಲಿ ಸರಿಯಾದ ಅನುಸ್ವಾರಗಳು, ತಪ್ಪಾದ ಸೊನ್ನೆಗಳು, ನಿಜವಾದ ಸೊನ್ನೆಗಳು ಎಂಬ ಮೂರು ಗುಂಪುಗಳಿದ್ದವು. ಬದಲಾವಣೆಯ ಬಳಿಕ ಮೂರೂ ಒಂದೇ ಸಂಖ್ಯೆಯಾಗಿ ಬೆರೆತುಹೋದವು. ಎರಡು ಪಾತ್ರೆಗಳ ನೀರನ್ನು ಒಂದರಲ್ಲಿ ಸುರಿದ ಮೇಲೆ ಯಾವ ಹನಿ ಯಾವ ಪಾತ್ರೆಯದೆಂದು ಹೇಳಲಾದೀತೆ? ಮೊದಲಿನ ಪ್ರತಿಯೊಂದನ್ನು ಸಹೋದ್ಯೋಗಿಯೊಬ್ಬರಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದೆನು; ಅದರಿಂದ ಬದುಕಿಕೊಂಡೆನು. ಮೂಲವನ್ನು ಮುಟ್ಟದೆ ಬೇರೆ ಹೆಸರಿನ ನಕಲಿನ ಮೇಲೆ ಕೆಲಸ ಮಾಡಬೇಕೆಂಬ ನಿಯಮವನ್ನು ಅಂದಿನಿಂದ ತಪ್ಪಿಲ್ಲ.

ಈಗ ಸರಿಯಾದ ದಾರಿಯನ್ನು ವಿಚಾರಿಸೋಣ. ಉಂಗುರವನ್ನಷ್ಟೇ ನೋಡಿದರೆ ಅದು ಅಂಕಿಯೋ ಅನುಸ್ವಾರವೋ ಎಂದು ನಾವೂ ಹೇಳಲಾರೆವು. ಓದುವಾಗ ನಮಗೆ ತಿಳಿಯುವುದಾದರೂ ಹೇಗೆ? ನೆರೆಯವರನ್ನು ನೋಡಿ. 'ಸ' ಎಂಬುದರ ಬಳಿಕ ಬಂದರೆ ಅನುಸ್ವಾರ, '೩' ಎಂಬುದರ ಬಳಿಕ ಬಂದರೆ ಸೊನ್ನೆ. ಈ ಜ್ಞಾನವನ್ನೇ ಯಂತ್ರಕ್ಕೂ ತಿಳಿಸಬೇಕು. 'ಕನ್ನಡ ಅಕ್ಷರದ ಬೆನ್ನಿಗೇ ಬರುವ ಸೊನ್ನೆಯನ್ನು ಮಾತ್ರ ಬದಲಿಸು' ಎಂದು ಹೇಳುವ ಭಾಷೆಯೊಂದು ಬೇಕು. ಅದಕ್ಕೆ 'ರೆಗ್ಯುಲರ್ ಎಕ್ಸ್‌ಪ್ರೆಷನ್' ಎಂದು ಹೆಸರು. ಈ ಲೇಖನದಲ್ಲಿ ಅದನ್ನು 'ವಿನ್ಯಾಸಸೂತ್ರ' ಎಂದು ಕರೆಯೋಣ. ಏಕೆಂದರೆ ಅದು ಒಂದು ನಿರ್ದಿಷ್ಟ ಪದವನ್ನಲ್ಲ, ಅಕ್ಷರಗಳ ಒಂದು ವಿನ್ಯಾಸವನ್ನು ವರ್ಣಿಸುತ್ತದೆ.

ಈ ಭಾಷೆಯ ಹುಟ್ಟು ಗಣಿತದಲ್ಲಿ. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ ಎಂಬುವರು 1951ರಲ್ಲಿ, ನರಕೋಶಗಳ ಗಣಿತ ಮಾದರಿಯೊಂದು ಯಾವ ಯಾವ ಘಟನಾಸರಣಿಗಳನ್ನು ಗುರುತಿಸಬಲ್ಲದು ಎಂಬುದನ್ನು ವಿಚಾರಿಸುತ್ತ ಇದನ್ನು ರೂಪಿಸಿದರು. 1968ರಲ್ಲಿ ಕೆನ್ ಥಾಮ್ಸನ್ ಎಂಬುವರು, ಇಂಥ ಸೂತ್ರದಿಂದ ಬರೆಹವನ್ನು ಶೀಘ್ರವಾಗಿ ಶೋಧಿಸುವ ವಿಧಾನವನ್ನು ಪ್ರಕಟಿಸಿದರು. ಇಂದು ಬರೆಹದ ಅನೇಕ ತಂತ್ರಾಂಶಗಳಲ್ಲಿ ಅದು ನೆಲೆಸಿದೆ. ರೈಟರ್‌ನ ಹುಡುಕುವ ಕಿಟಕಿಯಲ್ಲಿ Regular expressions ಎಂಬುದರ ಮುಂದಿನ ಚೌಕದಲ್ಲಿ ಗುರುತು ಹಾಕಿದರೆ ಸಾಕು.

ಸೂತ್ರವನ್ನು ಕಟ್ಟುವುದು ಹೀಗೆ. ಯೂನಿಕೋಡ್ ಪಟ್ಟಿಯಲ್ಲಿ 'ಅ' ಎಂಬುದರ ಸ್ಥಾನ 0C85. ಅಲ್ಲಿಂದ ಮುಂದೆ ಸ್ವರಗಳು, ವ್ಯಂಜನಗಳು, ಬಳಿಕ ದೀರ್ಘ, ಕೊಂಬು, ಏತ್ವ ಮೊದಲಾದ ಸ್ವರಚಿಹ್ನೆಗಳು ಸಾಲಾಗಿ ಬಂದು, ಔತ್ವದ ಚಿಹ್ನೆ 0CCCರಲ್ಲಿ ನಿಲ್ಲುತ್ತದೆ. ಅಂಕಿಗಳು 0CE6ರಿಂದ 0CEFವರೆಗೆ, ಈ ಸಾಲಿನ ಆಚೆಗೆ ಇವೆ. ಅನುಸ್ವಾರವು 'ಸ' ಎಂಬ ವ್ಯಂಜನದ ಬಳಿಕ ಬರಲಿ, 'ತು' ಎಂಬುದರ ಕೊಂಬಿನ ಬಳಿಕ ಬರಲಿ, ಅದರ ಹಿಂದಿನ ಸಂಕೇತ ಈ ಸಾಲಿನೊಳಗೇ ಇರುತ್ತದೆ. ಆದುದರಿಂದ ಹುಡುಕುವ ಪೆಟ್ಟಿಗೆಗೆ ಸೂತ್ರವು:

```
([\u0C85-\u0CCC])\u0CE6
```

ಬದಲಿಯ ಪೆಟ್ಟಿಗೆಗೆ:

```
$1ಂ
```

ಇದನ್ನು ಬಿಡಿಸಿ ನೋಡೋಣ. `\u` ಎಂಬುದು 'ಮುಂದಿನ ನಾಲ್ಕು ಸ್ಥಾನಗಳು ಒಂದು ಅಕ್ಷರದ ಸಂಖ್ಯೆ' ಎಂದು ಹೇಳುತ್ತದೆ. ಒಂದೇ ಆಕಾರದ ಎರಡು ಅಕ್ಷರಗಳೊಡನೆ ವ್ಯವಹರಿಸುವಾಗ ಆಕಾರಕ್ಕಿಂತ ಸಂಖ್ಯೆಯನ್ನು ಬರೆಯುವುದೇ ಕ್ಷೇಮ. ಚೌಕ ಕಂಸವು 'ಇಲ್ಲಿಂದ ಇಲ್ಲಿಯವರೆಗಿನ ಯಾವುದಾದರೂ ಒಂದು ಅಕ್ಷರ' ಎಂದು ಸೂಚಿಸುತ್ತದೆ. ಅದರ ಸುತ್ತಲಿನ ದುಂಡು ಕಂಸವು 'ಸಿಕ್ಕಿದ ಅಕ್ಷರವನ್ನು ನೆನಪಿನಲ್ಲಿಡು' ಎನ್ನುತ್ತದೆ. ಬದಲಿಯಲ್ಲಿರುವ `$1` ಎಂಬುದು 'ನೆನಪಿನಲ್ಲಿಟ್ಟುದನ್ನು ಹಾಗೆಯೇ ಹಿಂದಕ್ಕಿಡು' ಎನ್ನುತ್ತದೆ. ಹೀಗೆ 'ಸ೦' ಎಂಬಲ್ಲಿ 'ಸ' ಉಳಿದು, ಸೊನ್ನೆ ಮಾತ್ರ ಅನುಸ್ವಾರವಾಗುತ್ತದೆ. '೧೯೩೦' ಎಂಬಲ್ಲಿ ಸೊನ್ನೆಯ ಹಿಂದೆ ಅಂಕಿಯಿರುವುದರಿಂದ ಸೂತ್ರವು ಅದನ್ನು ಮುಟ್ಟುವುದಿಲ್ಲ. '೧೦ನೆಯ' ಎಂಬಲ್ಲಿ ಮುಂದೆ ಅಕ್ಷರವಿದ್ದರೂ ಹಿಂದೆ ಅಂಕಿಯಿರುವುದರಿಂದ ಅದೂ ಉಳಿಯುತ್ತದೆ.

ಒಮ್ಮೆ ಸುಟ್ಟುಕೊಂಡ ಕೈ. ಈ ಸಲ ಗುಂಡಿಯನ್ನು ಒತ್ತುವ ಮುಂಚೆ ಎಣಿಸಲು ನಿಶ್ಚಯಿಸಿದೆನು. ಎಣಿಕೆಗೆ ಒಂದು ಉಪಾಯವುಂಟು. ಬದಲಿಯ ಪೆಟ್ಟಿಗೆಯಲ್ಲಿ `$0` ಎಂದು ಬರೆದರೆ 'ಸಿಕ್ಕಿದುದನ್ನು ಹಾಗೆಯೇ ಇಡು' ಎಂದರ್ಥ. ಆಗ ಬರೆಹ ಬದಲಾಗುವುದಿಲ್ಲ. ಎಷ್ಟು ಕಡೆ ಸಿಕ್ಕಿತೆಂಬ ಸಂಖ್ಯೆ ಮಾತ್ರ ವರದಿಯಾಗುತ್ತದೆ. ಮೊದಲಿಗೆ ಒಟ್ಟು ಸೊನ್ನೆಗಳು: 9,184. ಅಕ್ಷರದ ಬೆನ್ನಿಗೆ ಬಂದವು: 8,731. ಉಳಿದವು 453 ಎಂದಾಯಿತು. ಇವುಗಳಲ್ಲಿ ಹಿಂದೆ ಅಕ್ಷರವೂ ಇಲ್ಲದ, ಅಂಕಿಯೂ ಇಲ್ಲದ ಸೊನ್ನೆಗಳು ಎಷ್ಟು? ಅದಕ್ಕೆ ಸೂತ್ರ:

```
(?<![\u0C85-\u0CCC\u0CE6-\u0CEF])\u0CE6
```

ಇಲ್ಲಿ `(?<!` ಎಂದು ತೊಡಗುವ ಕಂಸವು 'ಹಿಂದೆ ಇವು ಇರಕೂಡದು' ಎಂಬ ಷರತ್ತು. ಇಂಥವು 51 ಸಿಕ್ಕಿದವು. ಅಂದರೆ ಅಂಕಿಯ ಬೆನ್ನಿಗೆ ಬಂದ ನಿಜವಾದ ಸೊನ್ನೆಗಳು 402.

ಐವತ್ತೊಂದನ್ನು ಕಣ್ಣಿನಿಂದ ನೋಡುವುದು ಕಷ್ಟವಲ್ಲ. Find Next ಗುಂಡಿಯನ್ನು ಒತ್ತುತ್ತ ಹೋದೆನು. ಹದಿಮೂರು ಕಡೆ '೦.೫' ಎಂಬಂಥ ದಶಮಾಂಶಗಳೇ ಇದ್ದವು. ಆದರೆ 38 ಕಡೆ 'ಕೇ೦ದ್ರ' ಎಂಬ ಪದ! ಹಿಂದೆ ಅಕ್ಷರವಿದ್ದರೂ ಸೂತ್ರವೇಕೆ ಅದನ್ನು ಬಿಟ್ಟಿತು? ಪರೀಕ್ಷಿಸಿದಾಗ ತಿಳಿದುದೇನೆಂದರೆ, ಯೂನಿಕೋಡ್‌ನಲ್ಲಿ 'ಕೇ' ಎಂಬುದನ್ನು ಎರಡು ಬಗೆಯಾಗಿ ಬರೆಯಬಹುದು. 'ಕ' ಎಂಬುದರ ಬಳಿಕ ದೀರ್ಘ ಏತ್ವಕ್ಕೆ ಒಂದೇ ಸಂಕೇತವನ್ನಿಡುವುದು ಒಂದು ಬಗೆ. ಹ್ರಸ್ವ ಏತ್ವವನ್ನಿಟ್ಟು, ಅದರ ಬಳಿಕ 0CD5 ಎಂಬ ದೀರ್ಘಚಿಹ್ನೆಯನ್ನು ಪ್ರತ್ಯೇಕವಾಗಿ ಸೇರಿಸುವುದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ. ಎರಡನೆಯ ಬಗೆಯಲ್ಲಿ ಸೊನ್ನೆಯ ಹಿಂದಿರುವುದು 0CD5. ಅದು ನನ್ನ ಸಾಲಿನಾಚೆ ಇದೆ. ಐತ್ವದಲ್ಲಿ ಹೀಗೆಯೇ 0CD6 ಎಂಬ ಚಿಹ್ನೆ ಬರಬಹುದು. ಆದುದರಿಂದ ಚೌಕ ಕಂಸದೊಳಗೆ ಇವೆರಡನ್ನೂ ಸೇರಿಸಬೇಕಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸೂತ್ರವು ಎರಡು ಬಗೆಯಾಗಿ ತಪ್ಪಬಹುದು. ತಿದ್ದಬೇಕಾದುದನ್ನು ಬಿಡುವುದು ಒಂದು, ತಿದ್ದಬಾರದುದನ್ನು ತಿದ್ದುವುದು ಇನ್ನೊಂದು. ಮೊದಲನೆಯದು ಸಣ್ಣ ಅಪಾಯ. ಬಿಟ್ಟುಹೋದುದು ಇನ್ನೂ ಸೊನ್ನೆಯಾಗಿಯೇ ಇರುವುದರಿಂದ ಮತ್ತೆ ಹುಡುಕಿದರೆ ಸಿಕ್ಕುತ್ತದೆ. ಎರಡನೆಯದರಲ್ಲಿ ಹಾನಿಗೊಳಗಾದುದು ಸಾವಿರಾರು ಸರಿಯಾದ ಅನುಸ್ವಾರಗಳ ನಡುವೆ ಅಡಗಿಬಿಡುತ್ತದೆ. ಹೀಗಿರಲು, ಮೊದಲು ಕಿರಿದಾದ ಸೂತ್ರವನ್ನು ಬರೆದು, ಬಿಟ್ಟುಹೋದವನ್ನು ನೋಡಿಕೊಂಡು ಕ್ರಮೇಣ ಹಿಗ್ಗಿಸುವುದು ಲೇಸು.

ಎರಡನೆಯ ಬಗೆಯ ತಪ್ಪು ನನ್ನ 8,731ರಲ್ಲಿ ಇದ್ದೀತೆ? ಅಕ್ಷರದ ಬೆನ್ನಿಗೆ ನಿಜವಾದ ಸೊನ್ನೆ ಬರುವುದು ಎಂದು? ಪದಕ್ಕೂ ಸಂಖ್ಯೆಗೂ ನಡುವೆ ಜಾಗ ಬಿಡದೆ ಬರೆದಾಗ. 'ಉಷ್ಣತೆ೦°' ಎಂದೋ 'ಉದ್ದ೦.೫' ಎಂದೋ ಅಚ್ಚಾಗಿದ್ದರೆ, ನನ್ನ ಸೂತ್ರವು ಅದನ್ನು ಅನುಸ್ವಾರವೆಂದೇ ಭಾವಿಸುತ್ತದೆ. ಇಲ್ಲಿ ಹಿಂದಿನ ನೆರೆಯವನ ಸಾಕ್ಷ್ಯ ಸಾಲದು, ಮುಂದಿನವನನ್ನೂ ಕೇಳಬೇಕು. ಮುಂದೆ ಡಿಗ್ರಿಯ ಚಿಹ್ನೆಯೋ, ಅಂಕಿಯೋ, ಚುಕ್ಕಿಯೊಡನೆ ಅಂಕಿಯೋ ಇದ್ದರೆ ಅದು ಸೊನ್ನೆ. ಇಂಥವನ್ನು ಹುಡುಕಿದಾಗ ಆರು ಸಿಕ್ಕಿದವು. ಆರೂ ನಿಜವಾದ ಸೊನ್ನೆಗಳೇ. ಇವನ್ನು ಹೊರಗಿಡುವ ಷರತ್ತನ್ನು ಸೇರಿಸಿದಾಗ ಸೂತ್ರದ ಪೂರ್ಣರೂಪ ಹೀಗಾಯಿತು:

```
([\u0C85-\u0CCC\u0CD5\u0CD6])\u0CE6(?!\.?[\u0CE6-\u0CEF]|°)
```

`(?!` ಎಂದು ತೊಡಗುವ ಕೊನೆಯ ಕಂಸವು 'ಮುಂದೆ ಇವು ಇರಕೂಡದು' ಎನ್ನುತ್ತದೆ. `\.?` ಎಂಬುದು 'ಚುಕ್ಕಿ ಇರಬಹುದು, ಇಲ್ಲದಿರಬಹುದು'. ನೆಟ್ಟನೆಯ ಗೀಟು 'ಅಥವಾ' ಎಂಬ ಅರ್ಥದ್ದು. ಚುಕ್ಕಿಯ ಹಿಂದಿನ ಓರೆಗೀಟನ್ನು ಮರೆಯಬಾರದು. ಈ ಭಾಷೆಯಲ್ಲಿ ಬರಿಯ ಚುಕ್ಕಿಗೆ 'ಯಾವುದಾದರೂ ಒಂದು ಅಕ್ಷರ' ಎಂಬ ಬೇರೆಯೇ ಅರ್ಥವಿದೆ.

ಈಗ ಫಲವನ್ನು ಮುಂಚಿತವಾಗಿಯೇ ಹೇಳಬಹುದು. 8,731ರಲ್ಲಿ ಆರನ್ನು ಕಳೆದರೆ 8,725. ಅದಕ್ಕೆ 'ಕೇ೦ದ್ರ'ದ 38 ಸೇರಿದರೆ 8,763. ಇಷ್ಟೇ ಬದಲಾವಣೆಗಳಾಗಬೇಕು. ಉಳಿಯುವ ಸೊನ್ನೆಗಳು 421: ಅಂಕಿಯ ಬೆನ್ನಿನವು 402, ದಶಮಾಂಶದವು 13, ಹೊರಗಿಟ್ಟವು 6. ಬದಲಿಯಲ್ಲಿ `$1ಂ` ಎಂದು ಬರೆದು Replace All ಒತ್ತಿದೆನು. ವರದಿಯಾದುದು 8,763. ಮತ್ತೆ ಸೊನ್ನೆಗಳನ್ನು ಎಣಿಸಿದೆನು: 421. ಅನುಸ್ವಾರಗಳನ್ನೂ ಎಣಿಸಿದೆನು, ಮೊದಲು 2,316 ಇದ್ದವು 11,079 ಆಗಿದ್ದವು, ಅಂತರವು ಮತ್ತೆ 8,763. ವಿದ್ಯುದಾವೇಶವು ಒಂದು ಕಾಯದಿಂದ ಇನ್ನೊಂದಕ್ಕೆ ಹರಿದರೂ ಒಟ್ಟು ಮೊತ್ತ ಬದಲಾಗದೆಂದು ನಾವು ಪಾಠ ಹೇಳುತ್ತೇವಲ್ಲ, ಇದೂ ಹಾಗೆಯೇ. ಈ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಯೋ ಎಡವಿದ್ದೇವೆಂದು ತಿಳಿದು ನಕಲನ್ನು ಎಸೆದು ಮೂಲದಿಂದ ಮತ್ತೆ ತೊಡಗಬೇಕು.

ಲೆಕ್ಕ ತಾಳೆಯಾದ ಮಾತ್ರಕ್ಕೆ ಸಂದೇಹ ಪೂರ್ತಿ ಪರಿಹಾರವಾಗದು. ಎಷ್ಟು ಬದಲಾದವೆಂಬುದನ್ನು ಅದು ಹೇಳುತ್ತದೆ, ಸರಿಯಾದವೇ ಬದಲಾದವೆ ಎಂಬುದನ್ನಲ್ಲ. ಅದಕ್ಕಾಗಿ ಹಾನಿಯ ಗುರುತನ್ನೇ ಹುಡುಕಬೇಕು. ಅಂಕಿಯ ಬೆನ್ನಿಗೆ ಅನುಸ್ವಾರವು ಬರುವುದು ಕನ್ನಡದಲ್ಲಿ ಅಸಂಭವ. ಆದುದರಿಂದ `[\u0CE6-\u0CEF]\u0C82` ಎಂದು ಹುಡುಕಿದೆನು, ಒಂದೂ ಸಿಕ್ಕಲಿಲ್ಲ. ಮೊದಲ ದಿನ ಕೆಡಿಸಿದ್ದ ಕಡತದಲ್ಲಿ ಇದೇ ಸೂತ್ರವನ್ನು ಹಾಕಿದಾಗ ೧೯೩೦ ಮೊದಲಾದುವೆಲ್ಲ ಸಿಕ್ಕಿದವು. ಪರೀಕ್ಷೆಯು ಕೆಲಸ ಮಾಡುತ್ತದೆಂದು ಅದರಿಂದ ಖಚಿತವಾಯಿತು. ಕೊನೆಗೆ ಅಲ್ಲಲ್ಲಿ ಇಪ್ಪತ್ತು ಪುಟಗಳನ್ನು ಆಯ್ದು ಮೂಲದೊಡನೆ ಹೋಲಿಸಿ ನೋಡಿದೆನು.

ಈ ವಿಧಾನಕ್ಕೂ ಒಂದು ಮಿತಿಯುಂಟು. ಆದಿವೇಗವನ್ನು ಸೂಚಿಸಲು ಯಾರಾದರೂ 'ವೇ೦' ಎಂದು, 'ವೇ' ಅಕ್ಷರದ ಪಕ್ಕದಲ್ಲಿ ಸೊನ್ನೆಯನ್ನಿಟ್ಟು ಬರೆದಿದ್ದರೆ, ಅದಕ್ಕೂ 'ವೇಂ' ಎಂಬುದಕ್ಕೂ ಇರುವ ವ್ಯತ್ಯಾಸವು ನೆರೆಯ ಅಕ್ಷರಗಳಲ್ಲಿ ಇಲ್ಲ, ಅರ್ಥದಲ್ಲಿದೆ. ವಿನ್ಯಾಸಸೂತ್ರವು ಅರ್ಥವನ್ನು ಅರಿಯದು. ನನ್ನ ಟಿಪ್ಪಣಿಯಲ್ಲಿ ಇಂಥ ಸಂಕೇತಗಳು ರೋಮನ್ ಅಕ್ಷರದಲ್ಲಿದ್ದುದರಿಂದ ಪಾರಾದೆನು. ಹಾಗಿಲ್ಲದಿದ್ದರೆ, ಅಂಥ ಕಡೆಗಳನ್ನು ಮೊದಲೇ ಹುಡುಕಿ, ಬರೆಹದಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಗುರುತನ್ನು ಸೊನ್ನೆಯ ಬದಲಾಗಿ ಕೈಯಿಂದ ಇಟ್ಟು, ಎಲ್ಲ ಮುಗಿದ ಮೇಲೆ ಆ ಗುರುತನ್ನು ಮತ್ತೆ ಸೊನ್ನೆಯಾಗಿಸಬೇಕಾಗುತ್ತಿತ್ತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರೆಯುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಅಲ್ಲಿನ Use wildcards ಎಂಬ ಸೌಕರ್ಯವು ಇದರ ದಾಯಾದಿಯೇ ಹೊರತು ಇದೇ ಅಲ್ಲ. ನೆನಪಿನಲ್ಲಿಟ್ಟ ಭಾಗಕ್ಕೆ ಅಲ್ಲಿ `\1` ಎಂದು ಬರೆಯಬೇಕು, 'ಮುಂದೆ ಇವು ಇರಕೂಡದು' ಎಂಬ ಷರತ್ತು ಅಲ್ಲಿ ಇಲ್ಲ. ಅಲ್ಲಿಯೂ ಈಗ ಹೇಳಿದ ಗುರುತಿನ ಉಪಾಯವೇ ದಾರಿ.

ತಿದ್ದಿದ ಟಿಪ್ಪಣಿಯನ್ನು ಆ ವಿದ್ಯಾರ್ಥಿಗೆ ಮತ್ತೆ ಕೊಟ್ಟೆನು. ಎರಡು ದಿನಗಳ ಬಳಿಕ ಆತನು ಬಂದು, "ಈಗ ಸರಿಯಾಗಿ ಓದುತ್ತದೆ ಸಾರ್. ಆದರೆ ಒಂದು ಕಡೆ 'ಉಷ್ಣತೆ ಸೊನ್ನೆ' ಎಂದು ಒಟ್ಟಿಗೆ ಓದಿತು; ಅದೂ ತಪ್ಪೇ?" ಎಂದು ಕೇಳಿದನು. ಅದು ನಾನು ಹೊರಗಿಟ್ಟ ಆರರಲ್ಲಿ ಒಂದು. "ಅದು ನಿಜವಾದ ಸೊನ್ನೆಯೇ ಅಪ್ಪ, ನಡುವೆ ಒಂದು ಜಾಗ ಬಿಡುವುದನ್ನು ಮರೆತಿದ್ದೇವೆ" ಎಂದೆನು. ಆ ಆರು ಜಾಗಗಳನ್ನು ಮಾತ್ರ ಕೈಯಿಂದಲೇ ಬಿಟ್ಟೆನು.